ಇಂಗ್ಲೆಂಡಿನ ಪಗಾರಕ್ಕೆ ಅಲ್ಲೇ ಟ್ಯಾಕ್ಸ್ ಹೋಗಿದೆ, ಇಲ್ಲಿ ಎಷ್ಟು ಕಳೆಯುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ರಾಣೇಬೆನ್ನೂರು ಕಡೆಯಿಂದ ಇಂಗ್ಲೆಂಡಿಗೆ ನೌಕರಿಗೆ ಹೋದವರು ಕೇಳುವ ಪ್ರಶ್ನೆಗಳಿವು. ಅವರಿಗಿಂತ ಹೆಚ್ಚಾಗಿ ಕೇಳುವವರು ಇಲ್ಲಿ ಕಾಗದಪತ್ರ ನೋಡಿಕೊಳ್ಳುವ ಅವರ ಅಪ್ಪ-ಅವ್ವ. ಉತ್ತರಗಳಿಗೆಲ್ಲ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ. ಕೇಶ್ವಾಪುರದ ಒಬ್ಬ ಇಂಜಿನಿಯರ್ 2025ರ ಅಕ್ಟೋಬರ್ 5ಕ್ಕೆ ಹೊರಟು ಇಂಗ್ಲೆಂಡಿನದೇ ಒಂದು ಕಂಪನಿ ಸೇರಿದ್ದಾರೆ. ಹೆಂಡತಿ ಮಕ್ಕಳು ಹುಬ್ಬಳ್ಳಿಯಲ್ಲೇ ಇದ್ದಾರೆ. ಲೆಕ್ಕ 2025-26ನೇ ಆರ್ಥಿಕ ವರ್ಷದ್ದು, ಹೊಸ ತೆರಿಗೆ ಪದ್ಧತಿಯದು. 2026ರ ಏಪ್ರಿಲ್ 1ರಿಂದ ಹೊಸ ಆಯಕರ ಕಾಯ್ದೆ ಬಂದಿದ್ದರೂ ಈ ವರ್ಷದ ಆದಾಯಕ್ಕೆ 1961ರ ಕಾಯ್ದೆಯೇ ಅನ್ವಯ. ಹಾಗಾಗಿ ಇಲ್ಲಿನ ಕಲಂ, ನಿಯಮ, ಫಾರ್ಮ್ ನಂಬರುಗಳೆಲ್ಲ ಹಳೆಯವೇ.

## ಮೊದಲ ಪ್ರಶ್ನೆಗಳು

ಅಲ್ಲೇ ಟ್ಯಾಕ್ಸ್ ಕಟ್ ಆಗೇತಿ. ಮತ್ತ ಇಲ್ಲಿ ಯಾಕ ತೋರಿಸಬೇಕ್ರಿ?

ಆ ವರ್ಷ ನೀವು ಭಾರತದ ನಿವಾಸಿ ಎಂದಾದರೆ ಜಗತ್ತಿನ ಯಾವ ಮೂಲೆಯಲ್ಲಿ ದುಡಿದ ದುಡ್ಡಿಗೂ ಇಲ್ಲಿ ಲೆಕ್ಕ ಕೊಡಬೇಕು. ಪಗಾರ ಲಂಡನ್ನಿನ ಖಾತೆಗೇ ಬಂದು ಅಲ್ಲೇ ಖರ್ಚಾಗಿದ್ದರೂ ಲೆಕ್ಕ ತಪ್ಪುವುದಿಲ್ಲ. ಆದರೆ ಒಂದೇ ದುಡ್ಡಿಗೆ ಎರಡು ಕಡೆ ಪೂರ್ತಿ ತೆರಿಗೆ ಬೀಳಬಾರದೆಂದು ಭಾರತ ಮತ್ತು ಬ್ರಿಟನ್ ನಡುವೆ ಒಪ್ಪಂದವಿದೆ. ಅದರ ಪ್ರಕಾರ ಅಲ್ಲಿ ಕಟ್ಟಿದ ಆದಾಯ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯುತ್ತಾರೆ. ಹೀಗೆ ಕಳೆಯುವ ಮೊತ್ತವೇ ಕ್ರೆಡಿಟ್. ಇದಕ್ಕೆ ಕಾಯ್ದೆಯಲ್ಲಿರುವುದು ಕಲಂ 90. ಲೆಕ್ಕ ಹಾಕುವ ರೀತಿ ನಿಯಮ 128ರಲ್ಲಿದೆ.

ಒಟ್ಟು ಪಗಾರ ತೋರಿಸಿ, ತೆರಿಗೆಯಲ್ಲಿ ಕಳೆಯಬೇಕು. ಬಹಳ ಜನ ಕೈಗೆ ಬಂದಷ್ಟೇ ಪಗಾರವನ್ನು ಆದಾಯ ಎಂದು ತೋರಿಸಿ ಸುಮ್ಮನಾಗುತ್ತಾರೆ. ಅಲ್ಲಿಗೆ ಆದಾಯವೂ ತಪ್ಪು, ಕ್ರೆಡಿಟ್ಟೂ ಹೋಯಿತು.

ಮಗ ವರ್ಷದ ನಡುವ ಹೋದ. ಅವ ಎನ್‌ಆರ್‌ಐ ಆಗೂದಿಲ್ಲೇನ್ರಿ?

ಹೋದ ತಾರೀಖಿನ ಮೇಲೆ ನಿಂತಿದೆ. ನೌಕರಿಗೆಂದು ದೇಶ ಬಿಡುವ ಭಾರತೀಯ ಪ್ರಜೆ ಆ ಆರ್ಥಿಕ ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಇಲ್ಲಿದ್ದರೆ ಆ ವರ್ಷಕ್ಕೆ ನಿವಾಸಿ. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 28ಕ್ಕೆ 181 ದಿನ, 29ಕ್ಕೆ 182. ನಮ್ಮ ಉದಾಹರಣೆಯವರು ಅಕ್ಟೋಬರ್ 5ಕ್ಕೆ ಹೊರಟರು, ಅಂದರೆ 188 ದಿನ. ನಿವಾಸಿಯೇ.

ಇದೇ ಮನುಷ್ಯ ಸೆಪ್ಟೆಂಬರ್ 20ಕ್ಕೆ ಹೋಗಿದ್ದು, ಮಾರ್ಚ್ ಒಳಗೆ ವಾರಗಟ್ಟಲೆ ರಜೆಗೆ ಬರದೇ ಇದ್ದಿದ್ದರೆ ಅನಿವಾಸಿ ಆಗುತ್ತಿದ್ದರು. ಆಗ ಇಂಗ್ಲೆಂಡಿನ ಪಗಾರಕ್ಕೆ ಇಲ್ಲಿ ತೆರಿಗೆಯೇ ಇಲ್ಲ, ಈ ಪುಟದ ಉಳಿದ ಭಾಗವೂ ಬೇಕಾಗುತ್ತಿರಲಿಲ್ಲ. ಹದಿನೈದು ದಿನದ ಈ ಅಂತರಕ್ಕೆ ಬೆಲೆ ಎಷ್ಟು ಎಂಬುದು ಕೆಳಗಿನ ಲೆಕ್ಕದಲ್ಲಿ ಗೊತ್ತಾಗುತ್ತದೆ. ಪಾಸ್‌ಪೋರ್ಟಿನ ಮುದ್ರೆ ಬಿದ್ದ ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿ. ಹೋದ ದಿನ, ಬಂದ ದಿನ ಎರಡನ್ನೂ ಇಲ್ಲಿದ್ದ ದಿನವೆಂದೇ ಎಣಿಸಿ ನೋಡುವುದು ಜಾಣತನ.

ಅಲ್ಲಿ 183 ದಿನ ಆಗದಿದ್ರ ಅಲ್ಲಿ ಟ್ಯಾಕ್ಸೇ ಇಲ್ಲ ಅಂತಾರಲ್ಲ?

ಅರ್ಧ ಸತ್ಯ. ಆ ವಿನಾಯಿತಿಗೆ ಮೂರು ಷರತ್ತೂ ಒಟ್ಟಿಗೆ ಕೂಡಬೇಕು. ಅಲ್ಲಿದ್ದ ದಿನ ಮಿತಿಯೊಳಗಿರಬೇಕು, ಪಗಾರ ಕೊಡುವ ಕಂಪನಿ ಅಲ್ಲಿಯದಾಗಿರಬಾರದು, ಆ ಖರ್ಚನ್ನು ಅಲ್ಲಿನ ಶಾಖೆ ಹೊತ್ತಿರಬಾರದು. ಇಂಗ್ಲೆಂಡಿನ ಕಂಪನಿಯೇ ಕೆಲಸಕ್ಕೆ ತೆಗೆದುಕೊಂಡಿದ್ದರೆ ಎರಡನೇ ಷರತ್ತಿಗೇ ಮುಗಿಯಿತು. ಬೆಂಗಳೂರಿನ ಕಂಪನಿ ನಾಲ್ಕು ತಿಂಗಳಿಗೆಂದು ಕಳಿಸಿದವರ ಮಾತು ಬೇರೆ. ಅಂಥವರಿಗೆ ಮೂರೂ ಷರತ್ತು ಕೂಡಿದ್ದರೂ ಅಲ್ಲಿ ತೆರಿಗೆ ಮುರಿದಿದ್ದರೆ, ಅದನ್ನು ಅಲ್ಲಿಯ ತೆರಿಗೆ ಇಲಾಖೆಯಿಂದಲೇ ವಾಪಸು ಕೇಳಬೇಕು. ಒಪ್ಪಂದದ ಪ್ರಕಾರ ಅಲ್ಲಿ ಬೀಳಲೇಬಾರದಿದ್ದ ತೆರಿಗೆಗೆ ಇಲ್ಲಿ ಕ್ರೆಡಿಟ್ ಇಲ್ಲ.

## ಪಗಾರ ಚೀಟಿ ಓದುವುದು

ಪೇ ಸ್ಲಿಪ್‌ದಾಗ ಕಟ್ ಆದದ್ದೆಲ್ಲಾ ಟ್ಯಾಕ್ಸೇ ಅಲ್ಲೇನ್ರಿ?

ಅಲ್ಲ. ಅತಿ ಹೆಚ್ಚು ತಪ್ಪಾಗುವ ಜಾಗವೇ ಇದು. ನಮ್ಮ ಉದಾಹರಣೆಯವರ ಪಗಾರ ತಿಂಗಳಿಗೆ 4,000 ಪೌಂಡ್. ಜನವರಿಯ ಚೀಟಿಯಲ್ಲಿ ಮುರಿದುಕೊಂಡ ಸಾಲು ಎರಡಿವೆ. ಒಂದು ‘ಪಿಎವೈಇ ಟ್ಯಾಕ್ಸ್’, ಅಂದರೆ ಪಗಾರದಲ್ಲೇ ಮುರಿಯುವ ಆದಾಯ ತೆರಿಗೆ, ಸುಮಾರು 590 ಪೌಂಡ್. ಇನ್ನೊಂದು ‘ನ್ಯಾಷನಲ್ ಇನ್ಶೂರೆನ್ಸ್’, ಸುಮಾರು 236 ಪೌಂಡ್. ತಿಂಗಳ ಪಗಾರದಲ್ಲಿ 1,048 ಪೌಂಡ್ ಬಿಟ್ಟು ಉಳಿದದ್ದಕ್ಕೆ ಶೇ 8ರಂತೆ ಬೀಳುವುದು ಈ ಎರಡನೆಯದು.

ಕ್ರೆಡಿಟ್ ಸಿಗುವುದು ಮೊದಲನೆಯದಕ್ಕೆ ಮಾತ್ರ. ನ್ಯಾಷನಲ್ ಇನ್ಶೂರೆನ್ಸ್ ನಮ್ಮ ಪಿಎಫ್, ಇಎಸ್‌ಐ ಇದ್ದ ಹಾಗೆ ಸಾಮಾಜಿಕ ಭದ್ರತೆಯ ವಂತಿಗೆ. ಅದು ಆದಾಯ ತೆರಿಗೆ ಅಲ್ಲ, ಒಪ್ಪಂದದೊಳಗೆ ಬರುವುದೂ ಇಲ್ಲ. ಆರು ತಿಂಗಳಲ್ಲಿ ಹೀಗೆ ಹೋದದ್ದು ಸುಮಾರು 1,417 ಪೌಂಡ್. ಪಗಾರ ಚೀಟಿಯ ಕೆಳಗೆ ‘ಒಟ್ಟು ಕಡಿತ’ ಎಂದು ದಪ್ಪ ಅಕ್ಷರದಲ್ಲಿರುವ ಅಂಕಿಯನ್ನೇ ಎತ್ತಿ ಹಾಕಿದವರು ಇದನ್ನೂ ಸೇರಿಸಿಬಿಡುತ್ತಾರೆ. ಪಿಂಚಣಿ ಕಂತು, ವಿದ್ಯಾರ್ಥಿ ಸಾಲದ ಕಂತು ಇದ್ದರೆ ಅವಕ್ಕೂ ಕ್ರೆಡಿಟ್ ಇಲ್ಲ. ಪಿಂಚಣಿ ಕಂತು ಇದ್ದವರು ಇನ್ನೊಂದು ಗಮನಿಸಿ. ಅಲ್ಲಿ ‘ತೆರಿಗೆಗೆ ಒಳಪಡುವ ಪಗಾರ’ ಎಂದು ತೋರಿಸಿದ್ದು ಆ ಕಂತು ಕಳೆದ ಮೊತ್ತ ಇರಬಹುದು. ಇಲ್ಲಿನ ಲೆಕ್ಕ ಒಟ್ಟು ಪಗಾರದಿಂದ ಶುರುವಾಗಬೇಕು.

ಅಕ್ಟೋಬರ್, ನವೆಂಬರ್ ಸ್ಲಿಪ್‌ದಾಗ ಟ್ಯಾಕ್ಸ್ ಸೊನ್ನೆ ಐತಿ. ಕಂಪನಿ ತಪ್ಪು ಮಾಡೇತೇನು?

ತಪ್ಪಿಲ್ಲ. ಬ್ರಿಟನ್ನಿನ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರುವಾಗುತ್ತದೆ. ವರ್ಷಕ್ಕೆ 12,570 ಪೌಂಡಿನವರೆಗೆ ತೆರಿಗೆ ಇಲ್ಲ. ಚೀಟಿಯಲ್ಲಿ ತೆರಿಗೆ ಕೋಡ್ `1257L` ಇದ್ದರೆ ಈ ವಿನಾಯಿತಿ ತಿಂಗಳು ತಿಂಗಳು ಕೂಡುತ್ತಾ ಹೋಗುತ್ತದೆ, ಕೆಲಸ ಇಲ್ಲದ ತಿಂಗಳದ್ದೂ ಲೆಕ್ಕಕ್ಕೆ ಸಿಗುತ್ತದೆ. ಅಕ್ಟೋಬರ್ ಏಳನೇ ತಿಂಗಳು, ಅಷ್ಟೊತ್ತಿಗೆ ಸುಮಾರು 7,338 ಪೌಂಡಿನ ವಿನಾಯಿತಿ ಜಮೆಯಾಗಿರುತ್ತದೆ. ಪಗಾರ 4,000 ಮಾತ್ರ, ಹಾಗಾಗಿ ತೆರಿಗೆ ಸೊನ್ನೆ. ನವೆಂಬರ್ ಕೂಡ ಹಾಗೇ ದಾಟುತ್ತದೆ. ಡಿಸೆಂಬರ್‌ನಲ್ಲಿ 513 ಪೌಂಡ್, ಆಮೇಲೆ ಮೂರು ತಿಂಗಳು 590ರಂತೆ ಹೋಗುತ್ತದೆ. ಮಾರ್ಚ್ ಕೊನೆಗೆ ಒಟ್ಟು ಪಗಾರ 24,000, ಒಟ್ಟು ತೆರಿಗೆ 2,284 ಪೌಂಡ್.

ಸೊನ್ನೆ ತೆರಿಗೆಯ ಆ ಎರಡು ತಿಂಗಳ ಪಗಾರವನ್ನೂ ಇಲ್ಲಿ ತೋರಿಸಬೇಕು. ‘ತೆರಿಗೆ ಮುರಿದ ತಿಂಗಳಷ್ಟೇ’ ಎಂದು ನಾಲ್ಕು ತಿಂಗಳದ್ದು ತೋರಿಸಿದವರೂ ಇದ್ದಾರೆ.

ನನ್ನ ಸ್ಲಿಪ್‌ದಾಗ ಕೋಡ್ ಮುಂದ `M1` ಅಂತ ಐತಿ. ಏನದು?

ಅದು ತಾತ್ಕಾಲಿಕ ಕೋಡ್. ಹಿಂದಿನ ತಿಂಗಳ ವಿನಾಯಿತಿ ಕೂಡಿಸದೆ ಪ್ರತಿ ತಿಂಗಳನ್ನೂ ಬೇರೆಯಾಗಿಯೇ ಹಿಡಿಯುತ್ತಾರೆ. ಆಗ ಮೊದಲ ತಿಂಗಳಿಂದಲೇ 590 ಪೌಂಡ್ ಹೋಗಿ, ಆರು ತಿಂಗಳಿಗೆ ಸುಮಾರು 3,540 ಆಗುತ್ತದೆ. ನಿಜವಾಗಿ ಬೀಳಬೇಕಾದದ್ದು 2,284. ಹೆಚ್ಚು ಹೋದ ಸುಮಾರು 1,256 ಪೌಂಡ್ ಅಲ್ಲಿಂದ ನಿಮಗೇ ವಾಪಸು ಬರಬೇಕಾದ ಹಣ.

ಹಾಗಾಗಿ ಚೀಟಿಯಲ್ಲಿ ಮುರಿದ 3,540 ಪೌಂಡಿಗೆ ಇಲ್ಲಿ ಕ್ರೆಡಿಟ್ ತೆಗೆದುಕೊಂಡು, ಆಮೇಲೆ ಅಲ್ಲಿಂದ ರೀಫಂಡನ್ನೂ ಪಡೆದರೆ ಒಂದೇ ದುಡ್ಡನ್ನು ಎರಡು ಕಡೆ ಪಡೆದ ಹಾಗಾಯಿತು. ವರ್ಷ ಮುಗಿಯುವ ಮುಂಚೆ ಅಲ್ಲಿನ ಕಂಪನಿಗೆ ಹೇಳಿ ಕೋಡ್ ಸರಿ ಮಾಡಿಸಿದರೆ ಮುಂದಿನ ಚೀಟಿಯಲ್ಲೇ ಸರಿಹೋಗುತ್ತದೆ. ಆಗದಿದ್ದರೆ ಅಲ್ಲಿನ ಅಂತಿಮ ತೆರಿಗೆ ಎಷ್ಟೋ ಅಷ್ಟಕ್ಕೇ ಇಲ್ಲಿ ಕ್ರೆಡಿಟ್ ಕೇಳಿ. ಮೊದಲೇ ಹೆಚ್ಚು ಕೇಳಿಬಿಟ್ಟಿದ್ದರೆ ರಿಟರ್ನ್ ಪರಿಷ್ಕರಿಸಿ ವ್ಯತ್ಯಾಸ ಕಟ್ಟಬೇಕು.

## ಲೆಕ್ಕ

ಪೌಂಡನ್ನು ರೂಪಾಯಿ ಮಾಡೂದು ಯಾವ ರೇಟಿಗೆ? ಗೂಗಲ್ ರೇಟ್ ನಡೀತದೇನು?

ನಡೆಯುವುದಿಲ್ಲ. ನಿಯಮ ಹೇಳುವುದು ಸ್ಟೇಟ್ ಬ್ಯಾಂಕಿನ ಟಿಟಿ ಬೈಯಿಂಗ್ ರೇಟ್, ಅಂದರೆ ಬ್ಯಾಂಕು ವಿದೇಶಿ ಹಣ ಕೊಳ್ಳುವ ದರ. ಪಗಾರಕ್ಕೆ, ಅದು ಸಲ್ಲಬೇಕಾದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ ದರ. ತೆರಿಗೆಗೆ, ಅದನ್ನು ಮುರಿದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ ದರ. ಡಿಸೆಂಬರ್ ಪಗಾರವನ್ನು ಡಿಸೆಂಬರ್‌ನಲ್ಲೇ ಕೊಟ್ಟು ತೆರಿಗೆ ಮುರಿದಿದ್ದರೆ ಎರಡಕ್ಕೂ ನವೆಂಬರ್ 30ರ ದರವೇ. ವರ್ಷದ ಸರಾಸರಿ, ಊರಿಗೆ ದುಡ್ಡು ಕಳಿಸಿದ ದಿನ ಸಿಕ್ಕ ದರ, ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ.

2025ರ ನವೆಂಬರ್ 30 ಭಾನುವಾರ. 2026ರ ಫೆಬ್ರವರಿ 28 ನಾಲ್ಕನೇ ಶನಿವಾರ. ಎರಡೂ ದಿನ ಬ್ಯಾಂಕಿಗೆ ರಜೆ. ಇಂಥಲ್ಲಿ ಅದರ ಹಿಂದಿನ ಕೆಲಸದ ದಿನದ ದರ ಹಿಡಿಯುವುದು ರೂಢಿ. ಲೆಕ್ಕದ ಹಾಳೆಯಲ್ಲಿ ಹಾಗೆಂದು ಒಂದು ಸಾಲು ಬರೆದಿಡಿ. ಸ್ಟೇಟ್ ಬ್ಯಾಂಕಿನ ದರಪಟ್ಟಿಯನ್ನು ಪ್ರತಿ ತಿಂಗಳ ಕೊನೆಗೆ ಇಳಿಸಿಟ್ಟುಕೊಂಡರೆ ಜುಲೈನಲ್ಲಿ ಹುಡುಕಾಟ ತಪ್ಪುತ್ತದೆ.

ಹಂಗಾರ ಕಡೀಗೆ ಎಷ್ಟು ಕಳೀತಾರ? ಪೂರಾ ಲೆಕ್ಕ ತೋರಿಸ್ರಿ.

ಸುಲಭಕ್ಕೆಂದು ಎಲ್ಲ ತಿಂಗಳೂ ಪೌಂಡಿಗೆ 115 ರೂಪಾಯಿ ಎಂದು ಹಿಡಿಯೋಣ. ನಿಜವಾದ ಲೆಕ್ಕದಲ್ಲಿ ಪ್ರತಿ ತಿಂಗಳ ದರ ಬೇರೆ ಇರುತ್ತದೆ.

ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಪಗಾರ 6,00,000 ರೂಪಾಯಿ. ಇಂಗ್ಲೆಂಡಿನ 24,000 ಪೌಂಡ್ ಅಂದರೆ 27,60,000. ಒಟ್ಟು 33,60,000. ಇದರಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಹೋಗಿ ಉಳಿದದ್ದು 32,85,000.

ಹೊಸ ಪದ್ಧತಿಯ ಸ್ಲ್ಯಾಬಿನಲ್ಲಿ ಮೊದಲ 24 ಲಕ್ಷಕ್ಕೆ 3,00,000 ತೆರಿಗೆ. ಮೇಲಿನ 8,85,000ಕ್ಕೆ ಶೇ 30ರಂತೆ 2,65,500. ಎರಡೂ ಕೂಡಿ 5,65,500. ಅದರ ಮೇಲೆ ಶೇ 4 ಸೆಸ್ ಸೇರಿ 5,88,120.

ಈಗ ಈ ತೆರಿಗೆಯಲ್ಲಿ ಇಂಗ್ಲೆಂಡಿನ ಪಗಾರದ ಪಾಲು ಎಷ್ಟು ಎಂದು ಬಿಡಿಸಬೇಕು. ಒಟ್ಟು ಪಗಾರದಲ್ಲಿ ಅದರ ಪಾಲು ಎಷ್ಟೋ ತೆರಿಗೆಯಲ್ಲೂ ಅಷ್ಟೇ:

```
5,88,120 × 27,60,000 ÷ 33,60,000 = 4,83,099
2,284 × 115 = 2,62,660
```

ಮೊದಲ ಸಾಲು ಆ ಪಗಾರಕ್ಕೆ ಇಲ್ಲಿ ಬಿದ್ದ ತೆರಿಗೆ, ಎರಡನೆಯದು ಅಲ್ಲಿ ಕಟ್ಟಿದ್ದು. ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಕ್ರೆಡಿಟ್, ಅಂದರೆ 2,62,660. ಇನ್ನೂ 3,25,460 ರೂಪಾಯಿ ಬಾಕಿ ಉಳಿಯುತ್ತದೆ.

ಸ್ಟ್ಯಾಂಡರ್ಡ್ ಡಿಡಕ್ಷನ್ನನ್ನು ಎರಡೂ ಪಗಾರಕ್ಕೆ ಪಾಲು ಹಾಕಿದ್ದರಿಂದ ಈ ಅಂಕಿ ಬಂತು. ಅದನ್ನು ಕಳೆಯದೆ 27,60,000ಕ್ಕೇ ಸರಾಸರಿ ದರ ಹಾಕಿದರೆ ಮೊದಲ ಸಾಲು ಹನ್ನೊಂದು ಸಾವಿರದಷ್ಟು ಹೆಚ್ಚು ಬರುತ್ತದೆ. ಈ ಉದಾಹರಣೆಯಲ್ಲಿ ಅದರಿಂದ ವ್ಯತ್ಯಾಸವಿಲ್ಲ. ಎರಡು ಸಾಲು ಹತ್ತಿರ ಹತ್ತಿರ ಇರುವವರು ಪಾಲು ಹಾಕುವುದೇ ಕ್ಷೇಮ.

ಅಲ್ಲೂ ಕಟ್ಟಿ, ಇಲ್ಲೂ ಮೂರು ಲಕ್ಷ ಕಟ್ಟೂದೇನ್ರಿ? ಇದೆಂಥಾ ನ್ಯಾಯ?

ಕ್ರೆಡಿಟ್ ಎಂದರೆ ಇಲ್ಲಿನ ತೆರಿಗೆ ಮಾಫಿ ಅಲ್ಲ. ಎರಡು ದೇಶಗಳಲ್ಲಿ ಯಾರ ದರ ಹೆಚ್ಚೋ ಅಷ್ಟು ಹೊರೆ ಕೊನೆಗೆ ನಿಮ್ಮ ಮೇಲೆ ಉಳಿಯುತ್ತದೆ. ಈ ಉದಾಹರಣೆಯಲ್ಲಿ ಅಲ್ಲಿನ ತೆರಿಗೆ ಕಡಿಮೆಯಾಗಲು ಕಾರಣ, ಅರ್ಧ ವರ್ಷದ ದುಡಿಮೆಗೆ ಇಡೀ ವರ್ಷದ ವಿನಾಯಿತಿ ಸಿಕ್ಕಿದ್ದು. ಅಲ್ಲಿ ಉಳಿದದ್ದು ಇಲ್ಲಿ ಹೋಗುತ್ತದೆ.

ಇನ್ನೊಂದು ಪೆಟ್ಟು ಇಲ್ಲಿನ ಹಳೆ ಕಂಪನಿಯಿಂದ ಬರುತ್ತದೆ. ಅವರಿಗೆ ಗೊತ್ತಿದ್ದದ್ದು ಆರು ಲಕ್ಷದ ಪಗಾರ ಮಾತ್ರ. 12 ಲಕ್ಷದವರೆಗಿನ ರಿಬೇಟಿನಿಂದ ಟಿಡಿಎಸ್ ಸೊನ್ನೆ ಮಾಡಿ ಬಿಟ್ಟಿರುತ್ತಾರೆ. ಹಾಗಾಗಿ ಬಾಕಿ ಪೂರ್ತಿ ಕೈಯಿಂದಲೇ ಕಟ್ಟಬೇಕು. ಡಿಸೆಂಬರ್ 15 ಮತ್ತು ಮಾರ್ಚ್ 15ರ ಮುಂಗಡ ತೆರಿಗೆ ಕಂತು ಕಟ್ಟದೆ ಜುಲೈ 31ಕ್ಕೆ ಒಮ್ಮೆಗೇ ಕಟ್ಟಿದರೆ, ಕಲಂ 234ಬಿ ಅಡಿ ತಿಂಗಳಿಗೆ ಶೇ 1ರಂತೆ ನಾಲ್ಕು ತಿಂಗಳ ಬಡ್ಡಿ 13,016 ರೂಪಾಯಿ. ಕಂತು ತಪ್ಪಿಸಿದ್ದಕ್ಕೆ 234ಸಿ ಬಡ್ಡಿ ಬೇರೆ.

ಅಲ್ಲಿನ ಟ್ಯಾಕ್ಸೇ ಹೆಚ್ಚಾದ್ರ, ಉಳಿದದ್ದು ರೀಫಂಡ್ ಬರತೈತೇನು?

ಬರುವುದಿಲ್ಲ, ಮುಂದಿನ ವರ್ಷಕ್ಕೂ ಹೋಗುವುದಿಲ್ಲ. ಮೇಲಿನ ಲೆಕ್ಕದಲ್ಲಿ ಅಲ್ಲಿನ ತೆರಿಗೆ 5,50,000 ಇದ್ದಿದ್ದರೆ 4,83,099ಕ್ಕೇ ಕ್ರೆಡಿಟ್ ನಿಲ್ಲುತ್ತಿತ್ತು. ಅಲ್ಲಿನ ಬಡ್ಡಿ, ದಂಡಕ್ಕೂ ಕ್ರೆಡಿಟ್ ಇಲ್ಲ.

## ಫಾರ್ಮ್ ಮತ್ತು ರಿಟರ್ನ್

ಫಾರ್ಮ್ 67 ಯಾವಾಗ ಹಾಕೂದು? ಏನೇನು ಹಚ್ಚೂದು?

ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಕ್ರೆಡಿಟ್ ಕೇಳುವ ಫಾರ್ಮ್ ಇದು. ರಿಟರ್ನಿಗಿಂತ ಮೊದಲು ಹಾಕುವುದು ಒಳ್ಳೆಯದು. 2022ರ ತಿದ್ದುಪಡಿಯ ನಂತರ ಕೊನೆಯ ಗಡುವು ಅಸೆಸ್‌ಮೆಂಟ್ ವರ್ಷದ ಕೊನೆ, ಈ ವರ್ಷದ ಲೆಕ್ಕಕ್ಕೆ 2027ರ ಮಾರ್ಚ್ 31. ಆದರೆ ರಿಟರ್ನ್ ಕೂಡ ಸಕಾಲಕ್ಕೆ, ಇಲ್ಲವೇ ತಡವಾಗಿ ಸಲ್ಲಿಸಲು ಕೊಟ್ಟ ಅವಧಿಯೊಳಗೆ ಹೋಗಿರಬೇಕು. ಪೋರ್ಟಲ್‌ನಲ್ಲಿ ದಾರಿ ಹೀಗಿದೆ:

`e-File > Income Tax Forms > File Income Tax Forms`

ಅಸೆಸ್‌ಮೆಂಟ್ ವರ್ಷ `2026-27` ಆರಿಸಿ. ವರ್ಷ ತಪ್ಪಾಗಿ ಆರಿಸಿದರೆ ಫಾರ್ಮ್ ಹಾಕಿದ್ದೂ ವ್ಯರ್ಥ. ಆಧಾರ್ ಒಟಿಪಿಯಿಂದ ದೃಢೀಕರಿಸುವವರೆಗೆ ಸಲ್ಲಿಕೆ ಪೂರ್ತಿಯಾಗುವುದಿಲ್ಲ. ಇಂಗ್ಲೆಂಡಿನ ನಂಬರಿಗೆ ಆಧಾರ್ ಒಟಿಪಿ ಬರುವುದಿಲ್ಲ, ಹಾಗಾಗಿ ಆಧಾರ್‌ಗೆ ಜೋಡಿಸಿದ ಸಿಮ್ ಇಲ್ಲಿ ಯಾರ ಬಳಿಯಾದರೂ ಚಾಲೂ ಇರಲಿ.

ದಾಖಲೆಯಾಗಿ ಅಲ್ಲಿನ ತೆರಿಗೆ ಇಲಾಖೆಯ ಪ್ರಮಾಣಪತ್ರವೇ ಬೇಕೆಂದಿಲ್ಲ. ತೆರಿಗೆ ಮುರಿದ ಕಂಪನಿಯ ಪ್ರಮಾಣಪತ್ರ ನಡೆಯುತ್ತದೆ. ನೀವೇ ಸಹಿ ಮಾಡಿದ ಹೇಳಿಕೆಯನ್ನು ತೆರಿಗೆ ಮುರಿದ ಪುರಾವೆ ಸಮೇತ ಕೊಟ್ಟರೂ ಆಗುತ್ತದೆ. ನಾವು ಜೋಡಿಸಲು ಹೇಳುವುದು ವರ್ಷದ ಪಗಾರ ಮತ್ತು ಮುರಿದ ತೆರಿಗೆ ತೋರಿಸುವ ಪಿ60, ಆರು ಪಗಾರ ಚೀಟಿ, ದರ ಹಾಕಿದ ಒಂದು ಪುಟದ ಲೆಕ್ಕ. ಏಪ್ರಿಲ್ 5ಕ್ಕೆ ಕೆಲಸದಲ್ಲಿದ್ದವರಿಗೆ ಕಂಪನಿ ಮೇ 31ರೊಳಗೆ ಪಿ60 ಕೊಡುತ್ತದೆ. ನಡುವೆ ಕೆಲಸ ಬಿಟ್ಟವರಿಗೆ ಪಿ45. ಚೀಟಿಗಳ ಕೂಡಿಕೆಯೂ ಪಿ60ರ ಮೊತ್ತವೂ ಒಂದೇ ಬರಬೇಕು.

ರಿಟರ್ನ್‌ದಾಗ ಎಲ್ಲೆಲ್ಲಿ ತುಂಬೂದು? ಐಟಿಆರ್-1 ಸಾಕೇನು?

ಸಾಲದು, ಐಟಿಆರ್-2 ಬೇಕು. ಇಂಗ್ಲೆಂಡಿನ ಪಗಾರ ಮೊದಲು ಪಗಾರದ ಭಾಗದಲ್ಲಿ ಬರಬೇಕು, ನಂತರ ಅದೇ ಮೊತ್ತ ವಿದೇಶಿ ಆದಾಯದ `Schedule FSI`ಯಲ್ಲಿ. ಅಲ್ಲಿ ದೇಶ, ಅಲ್ಲಿನ ತೆರಿಗೆ ನಂಬರು, ಆದಾಯ, ಹೊರಗೆ ಕಟ್ಟಿದ ತೆರಿಗೆ, ಇಲ್ಲಿ ಬೀಳುವ ತೆರಿಗೆ, ಒಪ್ಪಂದದ ವಿಧಿ ಕೇಳುತ್ತದೆ. ಪಗಾರಕ್ಕೆ ಬ್ರಿಟನ್ ಒಪ್ಪಂದದ ವಿಧಿ 16. `Schedule TR`ನಲ್ಲಿ ಅದರ ಸಾರಾಂಶ, ಕಲಂ 90 ಎಂದು. ಫಾರ್ಮ್ 67ರ ಅಂಕಿ ಮತ್ತು ಇಲ್ಲಿನ ಅಂಕಿ ಒಂದು ರೂಪಾಯಿಯೂ ಹೆಚ್ಚುಕಮ್ಮಿ ಇರದಂತೆ ನೋಡಿಕೊಳ್ಳಿ.

ಮರೆಯುವುದು ವಿದೇಶಿ ಆಸ್ತಿ ತೋರಿಸುವ `Schedule FA`ಯನ್ನು. ಅಕ್ಟೋಬರ್‌ನಲ್ಲಿ ಅಲ್ಲಿ ತೆರೆದ ಬ್ಯಾಂಕ್ ಖಾತೆಯನ್ನು, ಎಷ್ಟೇ ಸಣ್ಣದಿರಲಿ, ಇಲ್ಲಿ ತೋರಿಸಬೇಕು. ಅದರ ಲೆಕ್ಕ ಮಾರ್ಚ್‌ವರೆಗೆ ಅಲ್ಲ, 2025ರ ಡಿಸೆಂಬರ್ 31ರವರೆಗೆ.

## ಸ್ವಲ್ಪ ಸಿಕ್ಕಿನ ಪ್ರಶ್ನೆಗಳು

ಎರಡೂ ದೇಶ ‘ನಮ್ಮ ನಿವಾಸಿ’ ಅಂದ್ರ ಹೆಂಗ?

ಆಗ ಒಪ್ಪಂದ ಮೊದಲು ಕೇಳುವುದು ಕಾಯಂ ಮನೆ ಎಲ್ಲಿದೆ ಎಂದು. ಎರಡೂ ಕಡೆ ಇದ್ದರೆ ಸಂಸಾರ, ಆಸ್ತಿ, ವ್ಯವಹಾರದ ನಂಟು ಎಲ್ಲಿ ಹೆಚ್ಚು ಎಂದು. ನಮ್ಮ ಉದಾಹರಣೆಯವರ ಹೆಂಡತಿ ಮಕ್ಕಳು, ಸ್ವಂತ ಮನೆ ಕೇಶ್ವಾಪುರದಲ್ಲಿ, ಅಲ್ಲಿರುವುದು ಬಾಡಿಗೆ ಕೋಣೆ. ಹಾಗಾಗಿ ತೂಕ ಭಾರತದ ಕಡೆಗೇ, ಕ್ರೆಡಿಟ್ ಕೊಡುವ ಹೊಣೆಯೂ ಭಾರತದ್ದೇ. ಇಲ್ಲಿನ ಮನೆ ಬಾಡಿಗೆಗೆ ಕೊಟ್ಟು ಸಂಸಾರ ಸಮೇತ ಹೋದವರಿಗೆ ಉತ್ತರ ತಿರುಗುಮುರುಗಾಗಬಹುದು. ಅಂಥವರು ರಿಟರ್ನ್ ಹಾಕುವ ಮುನ್ನ ಈ ಅಂತರರಾಷ್ಟ್ರೀಯ ಪ್ರಕರಣಗಳನ್ನೇ ನೋಡುವ ಸಿಎ ಬಳಿ ಕೂತು ಮಾತಾಡಬೇಕು.

ಕ್ರೆಡಿಟ್ ಕೊಡದ ಡಿಮಾಂಡ್ ನೋಟಿಸ್ ಬಂದೇತಿ. ನವನಗರದ ಇನ್‌ಕಮ್ ಟ್ಯಾಕ್ಸ್ ಆಫೀಸಿಗೆ ಹೋಗಬೇಕೇನು?

ಮೊದಲು ಹೋಗಬೇಡಿ. ರಿಟರ್ನ್ ಸಂಸ್ಕರಿಸುವುದು ಬೆಂಗಳೂರಿನಲ್ಲಿರುವ ಇಲಾಖೆಯ ಸಂಸ್ಕರಣಾ ಕೇಂದ್ರ ಸಿಪಿಸಿ. ಕಲಂ 143(1)ರ ಸೂಚನಾಪತ್ರದಲ್ಲಿ ‘ಕಲಂ 90ರ ರಿಲೀಫ್’ ಸಾಲು ತೆಗೆದು ನೋಡಿ, ನೀವು ಕೇಳಿದ್ದೆಷ್ಟು, ಅವರು ಕೊಟ್ಟದ್ದೆಷ್ಟು. ಸೊನ್ನೆ ಇದ್ದರೆ ಮೂರರಲ್ಲಿ ಒಂದು ಕಾರಣ: ಫಾರ್ಮ್ 67 ಹಾಕಿಲ್ಲ, ಹಾಕಿದ್ದರೂ ದೃಢೀಕರಿಸಿಲ್ಲ, ಇಲ್ಲವೇ ವರ್ಷ ತಪ್ಪಿದೆ. ಸ್ವಲ್ಪ ಕಡಿಮೆ ಕೊಟ್ಟಿದ್ದರೆ ‘ಇಲ್ಲಿ ಬೀಳುವ ತೆರಿಗೆ’ಯ ಅಂಕಿ ನೋಡಿ, ಬಹುತೇಕ ಅಲ್ಲೇ ತಪ್ಪಿರುತ್ತದೆ.

ಗಡುವು ಇನ್ನೂ ಇದ್ದರೆ ಫಾರ್ಮ್ ಹಾಕಿ, ಕಲಂ 154ರ ತಿದ್ದುಪಡಿಗೆ ಆನ್‌ಲೈನ್ ಅರ್ಜಿ ಕೊಡಿ. ಜೊತೆಗೆ ಡಿಮಾಂಡಿಗೆ `Response to Outstanding Demand`ನಲ್ಲಿ ಒಪ್ಪಿಗೆ ಇಲ್ಲ ಎಂದು ಕಾರಣ ಸಮೇತ ಉತ್ತರಿಸಿ. ಸುಮ್ಮನಿದ್ದರೆ ಮುಂದಿನ ವರ್ಷದ ರೀಫಂಡಿನಲ್ಲಿ ಮುರಿದುಕೊಳ್ಳುತ್ತಾರೆ. ಗಡುವೂ ದಾಟಿದ್ದರೆ ಉಳಿದ ದಾರಿ ಮೇಲ್ಮನವಿ. ಫಾರ್ಮ್ ತಡವಾದ ಮಾತ್ರಕ್ಕೆ ಒಪ್ಪಂದದ ಹಕ್ಕು ಹೋಗುವುದಿಲ್ಲ ಎಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಹೇಳಿದ್ದಿದೆ. ಆದರೆ ಅಲ್ಲಿಯವರೆಗೆ ಹೋಗುವ ಖರ್ಚು ಮತ್ತು ಕಾಲ ನಿಮ್ಮದೇ.